ಬೇಲ್ ಆರ್ಡರನ್ನು ಮನೆಯವರಿಗೆ ಕನ್ನಡದಲ್ಲಿ ಹೇಳುವುದು: ಯಾವ ಷರತ್ತು ಯಾರಿಗೆ, ಎಲ್ಲಿ, ಎಲ್ಲಿಯವರೆಗೆ

(ಅರೆ ಕಾನೂನು ಸ್ವಯಂಸೇವಕರು ಮತ್ತು ಕಿರಿಯ ವಕೀಲರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹೈಕೋರ್ಟಿನ ಬೇಲ್ ಆರ್ಡರ್ ಇಂಗ್ಲಿಷಿನಲ್ಲಿ ಇರುತ್ತದೆ. ಅದರಂತೆ ನಡೆದುಕೊಳ್ಳಬೇಕಾದ ಮನೆಯವರಿಗೆ ಇಂಗ್ಲಿಷ್ ಬರುವುದಿಲ್ಲ. ನಡುವೆ ವಕೀಲರ ಗುಮಾಸ್ತರೋ ನಮ್ಮಂಥವರೋ ನಿಂತು, "ಬೇಲ್ ಆಯ್ತು, ಇಬ್ಬರು ಜಾಮೀನು ಬೇಕು, ತಿಂಗಳಿಗೊಮ್ಮೆ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕು" ಎಂದು ಹೇಳಿ ಕಳಿಸುತ್ತೇವೆ. ಹೇಳಿದ್ದು ಸುಳ್ಳಲ್ಲ. ಆದರೆ ಆ ಮೂರು ಮಾತಿನಿಂದ ಮನೆಯವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಅಂದರೆ ಯಾವ ದಿನ? ಯಾವ ಸ್ಟೇಷನ್? ಎಷ್ಟು ತಿಂಗಳು? ಹೋಗಲು ಆಗದಿದ್ದರೆ ಯಾರನ್ನು ಕೇಳಬೇಕು?

ಇವತ್ತು ಒಂದೇ ಒಂದು ಆರ್ಡರನ್ನು ಇಟ್ಟುಕೊಂಡು ಮಾತಾಡುತ್ತೇನೆ. ಅದು ನಾನೇ ಕಟ್ಟಿಕೊಂಡ ಉದಾಹರಣೆ. ಆದರೆ ಅದರ ಷರತ್ತುಗಳು ನಮ್ಮ ಆರ್ಡರುಗಳಲ್ಲಿ ಮತ್ತೆ ಮತ್ತೆ ಬರುವಂಥವೇ. ಹೊಲದ ಬದುವಿಗಾಗಿ ದಾಯಾದಿಗಳ ನಡುವೆ ಜಗಳ ಆಯಿತು. ದೊಡ್ಡಪ್ಪನ ಕೈಗೆ ಮಚ್ಚಿನೇಟು ಬಿತ್ತು. ಕೊಲೆ ಯತ್ನದ ಕೇಸಾಯಿತು. ಎರಡನೇ ಆರೋಪಿ ಮಂಜು. ವಯಸ್ಸು 28, ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ, ಹಬ್ಬಕ್ಕೆ ಊರಿಗೆ ಬಂದಿದ್ದ. ಸೆಷನ್ಸ್ ಕೋರ್ಟಿನಲ್ಲಿ ಅರ್ಜಿ ವಜಾ ಆಗಿ, ಹೈಕೋರ್ಟಿನಲ್ಲಿ ಬೇಲ್ ಸಿಕ್ಕಿತು. ಆರ್ಡರಿನ ಕೊನೆಯ ಪುಟದಲ್ಲಿ ಷರತ್ತುಗಳಿವೆ. 1 ಲಕ್ಷ ರೂಪಾಯಿಯ ಸ್ವಂತ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಸಾಕ್ಷಿಗಳನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಬೆದರಿಸಬಾರದು, ತಿರುಚಬಾರದು. ವಿಚಾರಣೆಯ ಎಲ್ಲಾ ದಿನ ಹಾಜರಿರಬೇಕು. ಚಾರ್ಜ್‌ಶೀಟ್ ಸಲ್ಲಿಕೆ ಆಗುವವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 1ರೊಳಗೆ ಠಾಣೆಯಲ್ಲಿ ಹಾಜರಿ. ಅನುಮತಿ ಇಲ್ಲದೆ ವಿಚಾರಣಾ ನ್ಯಾಯಾಲಯದ ವ್ಯಾಪ್ತಿ ಬಿಟ್ಟು ಹೋಗಬಾರದು.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡಿ. ಹೈಕೋರ್ಟಿನ ಆರ್ಡರಿನಲ್ಲಿ ಮಂಜು "ಪಿಟಿಷನರ್", ಅರ್ಜಿದಾರ. ತಾಲೂಕು ಕೋರ್ಟಿನ ಕಾಗದದಲ್ಲಿ ಅವನೇ "ಎ2", ಎರಡನೇ ಆರೋಪಿ. ಮನೆಯವರ ಮಟ್ಟಿಗೆ ಅರ್ಜಿದಾರ ಅಂದರೆ ದೂರು ಕೊಟ್ಟವನು, ಅಂದರೆ ದೊಡ್ಡಪ್ಪ! ಹಾಗಾಗಿ ಮನೆಯವರಿಗೆ ಬರೆದುಕೊಡುವ ಕನ್ನಡದ ಹಾಳೆಯಲ್ಲಿ "ಅರ್ಜಿದಾರರು" ಎಂದು ಬರೆಯುವ ಬದಲು ಪ್ರತಿ ಸಾಲಿನಲ್ಲೂ "ಮಂಜು" ಎಂದೇ ಬರೆಯಿರಿ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ಮುಗಿಸುವುದು ನಮಗೆ ಸಲೀಸು. "ಠಾಣೆಗೆ ಹಾಜರಾಗಬೇಕು", "ಬಾಂಡ್ ಬರೆದುಕೊಡಬೇಕು". ಯಾರು ಅಂತ ಹೇಳುವುದೇ ಇಲ್ಲ. ಬೇರೆ ಕಡೆ ಇದು ಚೆನ್ನಾಗಿಯೇ ಇರುತ್ತದೆ, ಇಲ್ಲಿ ಅಪಾಯ. ಅಣ್ಣ ಹೋಗಿ ಸಹಿ ಹಾಕಿಬಂದರೆ ಸಾಕು ಎಂದು ಮನೆಯವರು ತಿಳಿದುಕೊಳ್ಳಬಹುದು.

ಈಗ ದುಡ್ಡಿನ ಷರತ್ತು. ಮನೆಯವರು ಹೆಚ್ಚು ಹೆದರುವುದು ಇದಕ್ಕೇ. 1 ಲಕ್ಷ ಅಂದ ಕೂಡಲೇ ಅಮ್ಮನ ಓಲೆ ಅಡವಿಗೆ ಹೋಗುತ್ತದೆ, ಇಲ್ಲವೇ ಬಡ್ಡಿಗೆ ಸಾಲ ಬರುತ್ತದೆ. ಬಾಂಡ್ ಅಂದರೆ ಈಗ ಕಟ್ಟುವ ಹಣ ಅಲ್ಲ. ಅದು ಬರೆದುಕೊಡುವ ಮಾತು, ಮುಚ್ಚಳಿಕೆ. "ನಾನು ಕರೆದಾಗ ಬರುತ್ತೇನೆ, ಬರದಿದ್ದರೆ 1 ಲಕ್ಷ ಕಟ್ಟುತ್ತೇನೆ" ಎಂದು ಮಂಜು ಬರೆದುಕೊಡುತ್ತಾನೆ. "ಅವನು ಬರುವ ಹಾಗೆ ನೋಡಿಕೊಳ್ಳುತ್ತೇನೆ, ಬರದಿದ್ದರೆ 1 ಲಕ್ಷ ಕಟ್ಟುತ್ತೇನೆ" ಎಂದು ಒಬ್ಬ ಜಾಮೀನುದಾರ ಬರೆದುಕೊಡುತ್ತಾರೆ. ಇನ್ನೊಬ್ಬರೂ ಹಾಗೆಯೇ. "ಅಷ್ಟೇ ಮೊತ್ತಕ್ಕೆ" ಎಂಬ ಮಾತನ್ನು ಇಬ್ಬರೂ ಸೇರಿ 1 ಲಕ್ಷ, ತಲೆಗೆ 50 ಸಾವಿರ ಎಂದು ಹೇಳಿಬಿಟ್ಟರೆ ತಪ್ಪು. ಒಬ್ಬೊಬ್ಬರದೂ ಪೂರ್ತಿ 1 ಲಕ್ಷದ ಮಾತು. ಈ ದಿನ ಯಾರ ಕೈಯಿಂದಲೂ ಆ ಹಣ ಹೋಗುವುದಿಲ್ಲ. ಆರ್ಡರಿನಲ್ಲಿ "ನಗದು ಭದ್ರತೆ" ಎಂದು ಬೇರೆಯಾಗಿ ಬರೆದಿದ್ದರೆ, ಅಥವಾ ಬಾಂಡಿನ ಬದಲು ಹಣ ಇಡಲು ಕೋರ್ಟ್ ಒಪ್ಪಿದರೆ ಮಾತ್ರ ಹಣ ಕಟ್ಟಬೇಕಾಗುತ್ತದೆ. ಎರಡರಲ್ಲಿ ನಿಮ್ಮ ಆರ್ಡರ್ ಯಾವುದು ಎಂದು ನೋಡಿ, ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಇಷ್ಟಕ್ಕೇ ನಿಲ್ಲಿಸಿದರೆ ಜಾಮೀನುದಾರರಿಗೆ ಮೋಸ ಮಾಡಿದ ಹಾಗೆ. "ಏನಿಲ್ಲ ಮಾವ, ಸುಮ್ನೆ ಒಂದು ಸಹಿ" ಎಂದು ಸೋದರಮಾವನನ್ನು ಕರೆದುಕೊಂಡು ಬರುತ್ತಾರೆ. ಅವರ ಪಹಣಿ, ಆಧಾರ್, ಫೋಟೋ ತರಿಸುತ್ತಾರೆ. ಆ ಸಹಿಯ ತೂಕ ಅವರಿಗೂ ಗೊತ್ತಾಗಬೇಕು. ಮಂಜು ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಬಾಂಡ್ ಜಪ್ತಿಯಾಗುತ್ತದೆ. ಕೋರ್ಟ್ ಮಾವನಿಗೆ ನೋಟಿಸ್ ಕೊಟ್ಟು, ಹಣ ಕಟ್ಟಿ, ಇಲ್ಲವೇ ಯಾಕೆ ಕಟ್ಟಬಾರದು ಹೇಳಿ ಎನ್ನುತ್ತದೆ. ಕಾರಣ ಸರಿಯಾಗಿದ್ದರೆ ಒಂದಷ್ಟು ಮನ್ನಾ ಮಾಡುವ ಅಧಿಕಾರವೂ ಕೋರ್ಟಿಗೆ ಇದೆ. ಕಟ್ಟದಿದ್ದರೆ ದಂಡ ವಸೂಲಿ ಮಾಡುವ ರೀತಿಯಲ್ಲೇ ವಸೂಲಿ ಮಾಡಬಹುದು. ಹಾಗೂ ವಸೂಲಿ ಆಗದಿದ್ದರೆ ಜಾಮೀನುದಾರರನ್ನು ಸಿವಿಲ್ ಜೈಲಿನಲ್ಲಿ 6 ತಿಂಗಳವರೆಗೆ ಇಡಲು ಕಾನೂನಿನಲ್ಲಿ ಅವಕಾಶ ಇದೆ. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 491ನೇ ಕಲಮು. ಮಾವ ನಡುವೆ ಹಿಂದೆ ಸರಿಯಬೇಕೆಂದರೆ ಅದಕ್ಕೂ ದಾರಿ ಇದೆ. 489ನೇ ಕಲಮಿನಡಿ ಅರ್ಜಿ ಕೊಡಬಹುದು. ಆಗ ಮಂಜುವನ್ನು ಕರೆಸಿ ಬೇರೆ ಜಾಮೀನು ಕೊಡು ಎನ್ನುತ್ತಾರೆ. ಕೊಡಲಾಗದಿದ್ದರೆ ಮತ್ತೆ ಜೈಲು. ಊರಲ್ಲಿ ಮುನಿಸಿಕೊಂಡು "ನಾನಿನ್ನು ಜಾಮೀನಿಲ್ಲ" ಎಂದರೆ ಜವಾಬ್ದಾರಿ ಕಳೆಯುವುದಿಲ್ಲ.

ಮಾವ ಇನ್ನೊಂದು ಕಾಗದಕ್ಕೂ ಸಹಿ ಹಾಕಬೇಕು. ಈ ಆರೋಪಿಯೂ ಸೇರಿ ತಾನು ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬ ಘೋಷಣೆ ಅದು. ಅದನ್ನು ಓದಿ ಹೇಳದೆ ಸಹಿ ಹಾಕಿಸಬೇಡಿ. ಕೋರ್ಟಿನ ಆಸುಪಾಸಿನಲ್ಲಿ ದುಡ್ಡಿಗೆ ಜಾಮೀನು ನಿಲ್ಲುವವರನ್ನು ತೋರಿಸಿಕೊಡುವವರು ಇರುತ್ತಾರೆ. ನಕಲಿ ಪಹಣಿ ಸಿಕ್ಕಿಬಿದ್ದರೆ ಹೊಸದೊಂದು ಕ್ರಿಮಿನಲ್ ಕೇಸ್ ಆಗುತ್ತದೆ, ಮಂಜುವಿನ ಬೇಲಿಗೂ ಕುತ್ತು ಬರುತ್ತದೆ. ಈ ಮಾತು ಆರ್ಡರಿನಲ್ಲಿ ಇರುವುದಿಲ್ಲ. ಆದರೂ ಹೇಳಲೇಬೇಕು.

ಜಾಮೀನುದಾರರು ಸಿಗದೇ ಇದ್ದರೆ? ಎಷ್ಟೋ ಮನೆಗಳು ಇಲ್ಲಿಯೇ ಸೋತು ಕೂತುಬಿಡುತ್ತವೆ. 1978ರ ಮೋತಿ ರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಸಹೋದರನ ಜಾಮೀನನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಪ್ಪೆಂದು ಹೇಳಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡುಗಡೆ ಮಾಡಲು ಆದೇಶಿಸಿದರು. ಒಬ್ಬ ಕನ್ನಡಿಗನನ್ನು ದೂರದ ಪೋರ್ಟ್ ಬ್ಲೇರ್‌ನಲ್ಲೋ ದೆಹಲಿಯ ಚಾಂದನಿ ಚೌಕದಲ್ಲೋ ಹಿಡಿದರೆ, ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಅವನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಆ ತೀರ್ಪಿನಲ್ಲಿ ಇದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನಷ್ಟು ನಿರ್ದೇಶನ ಕೊಟ್ಟಿತು. ಬೇಲ್ ಸಿಕ್ಕ 7 ದಿನಗಳಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ, ಷರತ್ತು ಸಡಿಲಿಸಬೇಕೇ ಎಂದು ಕೋರ್ಟ್ ತಾನಾಗಿಯೇ ನೋಡಬಹುದು. ಹಾಗಾಗಿ ಜಾಮೀನು ಷರತ್ತಿನ ಕೆಳಗೆ ನಿಮ್ಮ ಟಿಪ್ಪಣಿ ಎಂದು ಗುರುತು ಮಾಡಿ ಒಂದು ಸಾಲು ಬರೆಯಿರಿ: "ಜಾಮೀನುದಾರರು ಸಿಗದಿದ್ದರೆ ಸುಮ್ಮನಿರಬೇಡಿ, ವಕೀಲರಿಗೆ ಇಲ್ಲವೇ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ."

ಆರ್ಡರ್ ಬಂದ ದಿನವೇ ಮಗ ಮನೆಗೆ ಬರುತ್ತಾನೆ ಎಂದು ಅಡುಗೆ ಮಾಡಿ ಕಾಯುವವರಿದ್ದಾರೆ. ಅವರಿಗೆ ನಡುವಿನ ಮೆಟ್ಟಿಲು ಗೊತ್ತಿರಬೇಕು. ಕೆಳಗಿನ ಕೋರ್ಟಿನಲ್ಲಿ ಜಾಮೀನುದಾರರ ದಾಖಲೆ ನೋಡಿ, ನ್ಯಾಯಾಧೀಶರಿಗೆ ಸಮಾಧಾನ ಆಗಿ, ಬಾಂಡ್ ಬರೆಸಿಕೊಂಡ ಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗುತ್ತದೆ. ಬೇರೆ ಯಾವುದಾದರೂ ಕೇಸಿನಲ್ಲಿ ಅವನನ್ನು ಹಿಡಿದಿಟ್ಟಿದ್ದರೆ ಈ ಆದೇಶದಿಂದ ಮಾತ್ರ ಹೊರಗೆ ಬರಲು ಆಗುವುದಿಲ್ಲ.

ಇನ್ನು ಠಾಣೆಯ ಹಾಜರಿ. ಇದು ಸುಲಭ ಎನ್ನಿಸುತ್ತದೆ, ಆದರೆ ತಪ್ಪುವುದು ಇಲ್ಲಿಯೇ ಜಾಸ್ತಿ. "ತಿಂಗಳ ಮೊದಲ ಭಾನುವಾರ" ಎಂಬುದನ್ನು ದಿನಾಂಕವಾಗಿ ಮಾಡಿ ಕೊಡಿ. 2026ನ್ನೇ ನೋಡಿ. ಜನವರಿಯ ಮೊದಲ ಭಾನುವಾರ 4ಕ್ಕೆ ಬರುತ್ತದೆ. ಫೆಬ್ರವರಿಯದು 1ಕ್ಕೆ, ಮಾರ್ಚಿನದೂ 1ಕ್ಕೆ, ಏಪ್ರಿಲಿನದು 5ಕ್ಕೆ. ತಿಂಗಳು ಹುಟ್ಟಿದ ದಿನವೇ ಭಾನುವಾರ ಬಂದರೆ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, "ಮುಂದಿನ ವಾರ ಮೊದಲನೇದು" ಅಂದುಕೊಳ್ಳುತ್ತಾರೆ. ಗೋಡೆಯ ಕ್ಯಾಲೆಂಡರ್ ಇಳಿಸಿ, ಮನೆಯವರ ಕೈಯಲ್ಲೇ ಆ ದಿನಗಳಿಗೆ ಸುತ್ತು ಹಾಕಿಸಿ. ಠಾಣೆಯ ಹೆಸರು ಬರೆಯಿರಿ, ಸುಮ್ಮನೆ "ಸಂಬಂಧಪಟ್ಟ ಠಾಣೆ" ಎನ್ನಬೇಡಿ. ಸಮಯ ಬರೆಯಿರಿ. ಮಂಜು ಖುದ್ದಾಗಿ ಹೋಗಬೇಕು ಎಂದು ಬರೆಯಿರಿ.

"ಚಾರ್ಜ್‌ಶೀಟ್ ಸಲ್ಲಿಕೆ ಆಗುವವರೆಗೆ" ಎಂಬ ಮಾತು ಇನ್ನೂ ಸೂಕ್ಷ್ಮ. ಅದು ಯಾವತ್ತು ಸಲ್ಲಿಕೆ ಆಯಿತು ಎಂದು ಮನೆಯವರಿಗೆ ಯಾರೂ ಮನೆಗೆ ಬಂದು ಹೇಳುವುದಿಲ್ಲ. ಠಾಣೆಯ ಹೊರಗೆ ಯಾರೋ "ಚಾರ್ಜ್‌ಶೀಟ್ ಹೋಯ್ತಲ್ಲ, ಇನ್ನು ಬರೋದು ಬೇಡ" ಎಂದರೆ ನಿಲ್ಲಿಸಿಬಿಡುತ್ತಾರೆ. ಪೊಲೀಸರು ಕಳಿಸಿದರು ಎನ್ನುವುದಕ್ಕೂ ಕೋರ್ಟಿಗೆ ಸಲ್ಲಿಕೆ ಆಯಿತು ಎನ್ನುವುದಕ್ಕೂ ಅಂತರ ಇರಬಹುದು. ವಕೀಲರು ಕೋರ್ಟಿನ ಕಡತ ನೋಡಿ ಹೇಳುವವರೆಗೆ ಹಾಜರಿ ನಿಲ್ಲಿಸಬೇಡಿ ಎಂದು ತಿಳಿಸಿ. ಆರ್ಡರಿನಲ್ಲಿ "ಮುಂದಿನ ಆದೇಶದವರೆಗೆ" ಎಂದಿದ್ದರೆ ಲೆಕ್ಕವೇ ಬೇರೆ. ಆಗ ಚಾರ್ಜ್‌ಶೀಟ್ ಆದರೂ ನಿಲ್ಲಿಸುವಂತಿಲ್ಲ. ಕೋರ್ಟೇ ನಿಲ್ಲಿಸಬೇಕು. ಹೋದ ದಿನ ಅಧಿಕಾರಿ ಇಲ್ಲ, ನಾಳೆ ಬಾ ಎಂದರೆ? ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ ಎಂದು ಕೇಳಬೇಕು. ಆಗದಿದ್ದರೆ ಅದೇ ದಿನ ವಕೀಲರಿಗೆ ಹೇಳಬೇಕು, ಅವರು ಕೋರ್ಟಿಗೆ ಮೆಮೊ ಹಾಕುತ್ತಾರೆ. ಮನೆಯಲ್ಲಿ ಒಂದು ನೋಟ್‌ಬುಕ್ ಇರಲಿ. ಹೋದ ದಿನ, ಹೊತ್ತು, ಅಲ್ಲಿ ಸಿಕ್ಕವರು ಯಾರು, ಎಲ್ಲ ಬರೆದಿಡಲಿ.

ನನಗೆ ಅತಿ ಮುಖ್ಯ ಅನ್ನಿಸುವುದು ಸಾಕ್ಷಿಗಳ ಷರತ್ತು. ಕಾರಣ, ಇದು ಮಂಜುವಿಗೆ ಹೇಳಿದ್ದಾದರೂ ಮುರಿಯುವುದು ಬಹಳ ಸಲ ಮನೆಯವರ ಮೂಲಕ. "ಪರೋಕ್ಷವಾಗಿ" ಎಂದು ಬರೆದು ಬಿಟ್ಟರೆ ಮಂಜುವಿನ ಅಮ್ಮನಿಗೆ ಏನೂ ತಿಳಿಯುವುದಿಲ್ಲ. ಸಾಕ್ಷಿಗಳು ಯಾರು? ಏಟು ತಿಂದ ದೊಡ್ಡಪ್ಪ, ನೋಡಿದ ದೊಡ್ಡಮ್ಮ, ಪಕ್ಕದ ಹೊಲದವರು, ಪಂಚರಾಗಿ ಸಹಿ ಹಾಕಿದವರು. ಎಲ್ಲರೂ ಒಂದೇ ಬೀದಿ. ಅಮ್ಮ ಒಂದು ಸಂಜೆ ದೊಡ್ಡಮ್ಮನ ಮನೆಗೆ ಹೋಗುತ್ತಾರೆ. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಕೋರ್ಟಲ್ಲಿ ಹೆಚ್ಚೇನೂ ಹೇಳಬೇಡಿ. ಆ ಹತ್ತು ಗುಂಟೆ ನಿಮಗೇ ಬಿಟ್ಟುಕೊಡ್ತೀವಿ." ಅಮ್ಮನ ದೃಷ್ಟಿಯಲ್ಲಿ ಇದು ಬೆದರಿಕೆ ಅಲ್ಲವೇ ಅಲ್ಲ, ಮನೆ ಉಳಿಸುವ ಪ್ರಯತ್ನ. ಆದರೆ ಕಾನೂನು ಬೆದರಿಕೆ ಒಂದನ್ನೇ ಹೇಳುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿನ 3ನೇ ಉಪಕಲಮಿನಲ್ಲಿ ಆಮಿಷ, ಬೆದರಿಕೆ, ಭರವಸೆ ಮೂರನ್ನೂ ಹೇಳಿದೆ. ಕೇಸಿನ ಸಂಗತಿ ಗೊತ್ತಿರುವವರು ಅದನ್ನು ಕೋರ್ಟಿಗೋ ಪೊಲೀಸರಿಗೋ ಹೇಳದಂತೆ ಮಾಡುವ ಯಾವ ಮಾತೂ ಅಲ್ಲಿ ಬರುತ್ತದೆ. ಹತ್ತು ಗುಂಟೆಯ ಮಾತು ಭರವಸೆ. ಮಂಜುವೇ ಅಮ್ಮನನ್ನು ಕಳಿಸಿದ ಎಂದು ಸರ್ಕಾರಿ ವಕೀಲರು ಬೇಲ್ ರದ್ದತಿಗೆ ಅರ್ಜಿ ಹಾಕಬಹುದು.

ಇದನ್ನು ಕೇಳಿ ಹೆದರಿ ನಾವು ಇನ್ನೊಂದು ಬದಿಗೆ ವಾಲುತ್ತೇವೆ. ಕನ್ನಡದ ಹಾಳೆಯಲ್ಲಿ "ಸಾಕ್ಷಿಗಳ ಜೊತೆ ಮಾತಾಡಬಾರದು, ಅವರ ಮನೆ ಕಡೆ ತಲೆ ಹಾಕಬಾರದು" ಎಂದು ಬರೆದುಬಿಡುತ್ತೇವೆ. ಈ ಆರ್ಡರಿನಲ್ಲಿ ಆ ಮಾತಿಲ್ಲ. ಕೆಲವು ಆರ್ಡರುಗಳಲ್ಲಿ "ಸಂಪರ್ಕಿಸಬಾರದು" ಎಂದಿರುತ್ತದೆ, ಕೆಲವಲ್ಲಿ "ಆ ಊರಿಗೇ ಹೋಗಬಾರದು" ಎಂದಿರುತ್ತದೆ. ಇದ್ದರೆ ಬರೆಯಿರಿ. ಇಲ್ಲದ್ದನ್ನು ಸೇರಿಸಿದರೆ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಮನೆಗಳು ದಿನಾ ಭಯದಲ್ಲಿ ಬದುಕಬೇಕಾಗುತ್ತದೆ. "ನೀರು ಬಂತಾ" ಎಂದು ಕೇಳಿದ್ದೇ ಅಪರಾಧ ಎಂದು ಎದುರಿನವರು ಹೆದರಿಸುತ್ತಾರೆ. ಕೋರ್ಟು ಹಾಕದ ಷರತ್ತನ್ನು ಹಾಕುವ ಅಧಿಕಾರ ನಮಗಿಲ್ಲ. ನಾನು ಹೀಗೆ ಬರೆಯುತ್ತೇನೆ: "ಸಾಕ್ಷಿ ಹೇಳಬೇಕಾದವರನ್ನು ಮಂಜು ಹೆದರಿಸಬಾರದು, ಅವರ ಸಾಕ್ಷಿ ಬದಲಿಸಲು ನೋಡಬಾರದು. ತಾನೂ ಮಾಡಬಾರದು, ಬೇರೆಯವರಿಂದಲೂ ಮಾಡಿಸಬಾರದು." ಅದರ ಕೆಳಗೆ, ವಿವರಣೆ ಎಂದು ಬೇರೆ ಗುರುತು ಮಾಡಿ: "ಮನೆಯವರು ಹೋಗಿ ಕೇಸಿನ ಬಗ್ಗೆ ಮಾತಾಡಿದರೂ, ಹಣ, ಜಮೀನು ಕೊಡುತ್ತೇವೆ ಎಂದರೂ ಇದಕ್ಕೆ ತೊಂದರೆ. ರಾಜಿ ಮಾತು ಬಂದರೆ ವಕೀಲರ ಮೂಲಕವೇ." ಸಾಕ್ಷಿಗಳ ಫೋಟೋ ಹಾಕಿ ಮೊಬೈಲ್ ಸ್ಟೇಟಸ್ಸಿನಲ್ಲಿ ಎಚ್ಚರಿಕೆಯ ಡೈಲಾಗ್ ಹಾಕುವ ಹುಡುಗರಿಗೂ ಇದನ್ನು ಬಿಡಿಸಿ ಹೇಳಿ.

ಆರ್ಡರಿನ ಮಾತು ಒಂದು ಕಡೆ, ನಮ್ಮ ವಿವರಣೆ ಇನ್ನೊಂದು ಕಡೆ ಇರಬೇಕು. ಈ ಗೆರೆ ಅಳಿಸಬಾರದು. ಹಾಳೆಯ ಮೇಲ್ಭಾಗದಲ್ಲಿ "ಇದು ತಿಳಿವಳಿಕೆಗಾಗಿ ಮಾತ್ರ, ಇಂಗ್ಲಿಷ್ ಆದೇಶವೇ ಅಧಿಕೃತ" ಎಂದು ಬರೆದಿರಲಿ. ಪರಿಣಾಮದ ಸಾಲಿನಲ್ಲೂ ಇದೇ ಎಚ್ಚರ ಬೇಕು. "ಷರತ್ತು ಮುರಿದರೆ ಬೇಲ್ ರದ್ದತಿ ಕೋರಲು ಪೊಲೀಸರಿಗೆ ಸ್ವಾತಂತ್ರ್ಯವಿದೆ" ಎಂದು ಆರ್ಡರ್ ಹೇಳಿದರೆ, "ಬೇಲ್ ರದ್ದಾಗುತ್ತದೆ" ಎಂದು ಬರೆಯಬೇಡಿ. ಅವರು ಅರ್ಜಿ ಹಾಕಬೇಕು, ಮಂಜುವಿನ ಮಾತನ್ನೂ ಕೋರ್ಟ್ ಕೇಳಬೇಕು. ಒಂದು ಭಾನುವಾರ ತಪ್ಪಿತೆಂದು ಹುಡುಗ ಊರು ಬಿಟ್ಟು ಓಡಿಹೋಗುವುದು ಇಂಥ ತಪ್ಪು ತಿಳಿವಳಿಕೆಯಿಂದಲೇ.

ವಿಚಾರಣೆಯ ದಿನಗಳ ಷರತ್ತನ್ನು ಚಿಕ್ಕದಾಗಿ ಹೇಳುತ್ತೇನೆ. ಪ್ರತಿ ದಿನಾಂಕಕ್ಕೂ ಮಂಜು ಬರಬೇಕು. ಬರಲಾಗದಿದ್ದರೆ ಆ ದಿನಕ್ಕೆ ವಿನಾಯಿತಿ ಕೇಳಿ ವಕೀಲರು ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. ಒಂದು ದಿನಕ್ಕೆ ಸಿಕ್ಕ ವಿನಾಯಿತಿ ಮುಂದಿನ ದಿನಕ್ಕೆ ನಡೆಯುವುದಿಲ್ಲ. ಸುಮ್ಮನೆ ತಪ್ಪಿಸಿದರೆ ವಾರೆಂಟ್, ಬಾಂಡ್ ಜಪ್ತಿ ಎರಡೂ ಬರಬಹುದು. ಸರಿಯಾದ ಕಾರಣ ಇಲ್ಲದೆ ಹಾಜರಾಗದಿರುವುದೇ ಬೇರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಲ್ಲಿ ಅದಕ್ಕೆ 1 ವರ್ಷದವರೆಗೆ ಶಿಕ್ಷೆ ಇದೆ. ಕೇಸಿನ ಗುರುತಿನ ಸಂಖ್ಯೆಯಾದ ಸಿಎನ್‌ಆರ್ ನಂಬರನ್ನು ಹಾಳೆಯ ಮೇಲೆ ಬರೆದು, ಮನೆಯಲ್ಲಿ ಓದು ಬಲ್ಲ ಮಗುವಿಗೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕ ನೋಡುವುದನ್ನು ಕಲಿಸಿ.

ಕೊನೆಯ ಷರತ್ತು, "ವಿಚಾರಣಾ ನ್ಯಾಯಾಲಯದ ವ್ಯಾಪ್ತಿ". ಕನ್ನಡಕ್ಕೆ ತಂದ ಮೇಲೂ ಇದು ಎಲ್ಲಿಯವರೆಗೆ ಎಂದು ಸ್ಪಷ್ಟವಾಗುವುದಿಲ್ಲ. ಕೊಲೆ ಯತ್ನದ ಕೇಸಿನ ವಿಚಾರಣೆ ನಡೆಯುವುದು ಸೆಷನ್ಸ್ ಕೋರ್ಟಿನಲ್ಲಿ. ಅದರ ವ್ಯಾಪ್ತಿ ಸಾಮಾನ್ಯವಾಗಿ ಇಡೀ ಜಿಲ್ಲೆ. ಆದರೆ ಇವತ್ತು ಕಡತ ಇರುವುದು ತಾಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಅಲ್ಲಿಂದ ಇನ್ನೂ ಸೆಷನ್ಸ್‌ಗೆ ಒಪ್ಪಿಸಿಲ್ಲ. ಹಾಗಾದರೆ ಮಂಜು ಜಿಲ್ಲೆಯೊಳಗೆ ಓಡಾಡಬಹುದೇ, ತಾಲೂಕಿನೊಳಗೆ ಮಾತ್ರವೇ? ಇದನ್ನು ನಾವು ತೀರ್ಮಾನಿಸಬಾರದು. "ಜಿಲ್ಲೆ ಬಿಟ್ಟು ಹೋಗಬಾರದು" ಎಂದು ಬರೆದರೂ ತಪ್ಪು, "ತಾಲೂಕು ಬಿಟ್ಟು" ಎಂದರೂ ತಪ್ಪು. ಆರ್ಡರಿನ ಮಾತನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ "ಇದು ತಾಲೂಕೋ ಜಿಲ್ಲೆಯೋ ಎಂದು ವಕೀಲರು ಹೇಳಬೇಕು, ಹೇಳುವವರೆಗೆ ತಾಲೂಕು ದಾಟಬೇಡಿ" ಎಂದು ಬರೆಯಿರಿ. ವಕೀಲರ ಉತ್ತರ ಬಂದ ದಿನ ಅದನ್ನೂ ದಿನಾಂಕದ ಜೊತೆ ಬರೆಯಿರಿ.

ಹೇಗೆ ನೋಡಿದರೂ ಬೆಂಗಳೂರು ಹೊರಗೇ ಉಳಿಯಿತು. ಅವನ ಕೆಲಸ ಇರುವುದೇ ಅಲ್ಲಿ. ಸಂಬಳ ನಿಂತರೆ ಮನೆ ನಡೆಯುವುದಿಲ್ಲ, ಹಾಗಾಗಿ ಅವನು ಹೇಳದೆ ಬಸ್ ಹತ್ತುತ್ತಾನೆ. ತಿಂಗಳ ಮೊದಲ ಭಾನುವಾರ ಬಂದು ಸಹಿ ಹಾಕಿದರೆ ಸಾಕು ಎಂದುಕೊಳ್ಳುತ್ತಾನೆ. ಹಾಜರಿಯ ಷರತ್ತು ಬೇರೆ, ವ್ಯಾಪ್ತಿಯ ಷರತ್ತು ಬೇರೆ ಎಂದು ಬಿಡಿಸಿ ಹೇಳಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ, ಆದೇಶ ಆಗಬೇಕು ಎಂದೂ ಹೇಳಬೇಕು.

ಹಾಳೆ ಸಿದ್ಧವಾದ ಮೇಲೆ ಅದನ್ನು ಕೊಟ್ಟು ಎದ್ದು ಬರಬೇಡಿ. ಮಂಜು, ಅಮ್ಮ, ಅಣ್ಣ, ಜಾಮೀನು ನಿಂತ ಇಬ್ಬರು, ಎಲ್ಲರನ್ನೂ ಕೂರಿಸಿ ಓದಿ. ಆಮೇಲೆ "ಅರ್ಥ ಆಯ್ತಾ" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ಅಮ್ಮಾ, ಮಾರ್ಚಿನಲ್ಲಿ ಮಂಜು ಯಾವ ದಿನ ಎಲ್ಲಿಗೆ ಹೋಗಬೇಕು ಹೇಳಿ" ಎಂದು ಕೇಳಿ. "ಮಾವ, ಅವನು ಕೋರ್ಟಿಗೆ ಬರದಿದ್ದರೆ ನಿಮಗೇನಾಗುತ್ತದೆ" ಎಂದು ಕೇಳಿ. "ಕಾರ್ಖಾನೆಯಿಂದ ನಾಳೆಯೇ ಬಾ ಎಂದು ಫೋನ್ ಬಂದರೆ ಏನು ಮಾಡ್ತೀಯಪ್ಪಾ" ಎಂದು ಮಂಜುವನ್ನು ಕೇಳಿ. ಈ ಕೊನೆಯ ಪ್ರಶ್ನೆಗೆ ಅವನು ತಲೆ ತಗ್ಗಿಸಿದರೆ, ಆ ಷರತ್ತು ಅವನಿಂದ ಪಾಲಿಸಲು ಆಗದ್ದು ಎಂದು ಅರ್ಥ. ಅದು ಅನುವಾದದಿಂದ ಸರಿಹೋಗುವುದಿಲ್ಲ, ಷರತ್ತನ್ನೇ ಬದಲಿಸಲು ಅರ್ಜಿ ಹಾಕಬೇಕು. ಅವನ ಕಾರ್ಖಾನೆಯ ಗುರುತಿನ ಚೀಟಿ, ಸಂಬಳದ ಚೀಟಿ, ಬೆಂಗಳೂರಿನಲ್ಲಿ ಇರುವ ಮನೆಯ ವಿಳಾಸ, ಇಷ್ಟನ್ನು ಅದೇ ವಾರ ವಕೀಲರ ಕೈಗೆ ತಲುಪಿಸಿ.